ಅಂಗಾಲಿನ ನರಹುಲಿ: ಆಣಿಯೆಂದು ಕೊರೆಯುವ ಮುನ್ನ

ನಡೆಯುವಾಗ ಅಂಗಾಲಿಗೆ ಕಲ್ಲು ಒತ್ತಿದಂತಾದರೆ ಹೆಚ್ಚಿನವರು ಆಣಿಯೆಂದೇ ತಿಳಿದು ಬ್ಲೇಡು ಹಿಡಿಯುತ್ತಾರೆ. ಆಣಿ ಬರುವುದು ಒತ್ತಡದಿಂದ, ನರಹುಲಿ ಬರುವುದು ವೈರಸ್‌ನಿಂದ. ನರಹುಲಿಯನ್ನು ಕೊರೆದರೆ ರಕ್ತ ಸುರಿಯುವುದಲ್ಲದೆ ಸೋಂಕು ಪಕ್ಕದ ಚರ್ಮಕ್ಕೂ ಹಬ್ಬಬಹುದು.

ಮೊದಲು ಗುರುತಿಸಿ. ಕಾಲು ತೊಳೆದು ಒಳ್ಳೆಯ ಬೆಳಕಿನಲ್ಲಿ ಚರ್ಮದ ಗೆರೆಗಳನ್ನು ನೋಡಿ. ಆಣಿಯ ಮೇಲೆ ಗೆರೆಗಳು ಹಾಗೇ ಮುಂದುವರಿಯುತ್ತವೆ. ನರಹುಲಿಯ ಅಂಚಿಗೆ ಬಂದು ಪಕ್ಕಕ್ಕೆ ಸರಿಯುತ್ತವೆ. ಆಣಿ ಮೇಲಿನಿಂದ ಒತ್ತಿದಾಗ ನೋಯುತ್ತದೆ, ನರಹುಲಿ ಎರಡು ಬದಿಯಿಂದ ಹಿಸುಕಿದಾಗ ಹೆಚ್ಚು ನೋಯುತ್ತದೆ. ನರಹುಲಿಯೊಳಗಿನ ಕಪ್ಪು ಚುಕ್ಕಿಗಳು ಬೇರುಗಳಲ್ಲ, ರಕ್ತ ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು. ಸೂಜಿಯಿಂದ ಕೀಳಲು ಹೋಗಬೇಡಿ. ಚುಕ್ಕಿಗಳಲ್ಲದೆ ಒಂದೇ ಕಪ್ಪು ಮಚ್ಚೆ ಹರಡುತ್ತಿದ್ದರೆ ಔಷಧ ಹಚ್ಚದೆ ಚರ್ಮವೈದ್ಯರಿಗೆ ತೋರಿಸಿ. ಮಧುಮೇಹವಿದ್ದವರು, ಪಾದ ಜೋಮು ಹಿಡಿದವರು, ಕಾಲಿಗೆ ರಕ್ತ ಸಂಚಾರ ಕಡಿಮೆ ಇರುವವರು ಮನೆಮದ್ದಿಗೆ ಕೈ ಹಾಕಲೇಬಾರದು.

ಉಳಿದವರಿಗೆ ಶೇ 17ರಷ್ಟು ಸ್ಯಾಲಿಸಿಲಿಕ್ ಆಮ್ಲವಿರುವ ದ್ರವ ಸಾಕು. ರೆಡಿಮೇಡ್ ಕಾರ್ನ್ ಪಟ್ಟಿ ಬೇಡ: ಅದರ ಔಷಧದ ಬಿಲ್ಲೆ ನರಹುಲಿಯ ಅಳತೆಗೆ ಕೂರುವುದಿಲ್ಲ, ಬೆವರಿಗೆ ಜಾರಿ ಒಳ್ಳೆಯ ಚರ್ಮವನ್ನು ಸುಡುತ್ತದೆ.

ಜನ ಎಡವುವುದು ಉಜ್ಜುವ ಹಂತದಲ್ಲಿ. ನಿನ್ನೆ ಹಚ್ಚಿದ ಔಷಧದಿಂದ ಮೇಲೆ ಬಿಳಿ ಸತ್ತ ಪದರ ಕೂತಿರುತ್ತದೆ. ಅದರ ಮೇಲೆಯೇ ಮತ್ತೆ ಹಚ್ಚಿದರೆ ಔಷಧ ಕೆಳಗೆ ಇಳಿಯುವುದೇ ಇಲ್ಲ. ಮಲಗುವ ಮುನ್ನ ಪಾದವನ್ನು ಬೆಚ್ಚಗಿನ ನೀರಿನಲ್ಲಿ 5 ನಿಮಿಷ ನೆನೆಸಿ, ಬಿಳಿ ಪುಡಿ ಉದುರುವಷ್ಟು ಮಾತ್ರ ಉಗುರು ಉಜ್ಜುವ ಕಾಗದದ ಫೈಲಿನಿಂದ ಉಜ್ಜಿ. ಕೆಳಗೆ ಗುಲಾಬಿ ಬಣ್ಣ ಕಂಡರೆ ಅಥವಾ ಚುರುಕೆಂದರೆ ಅಲ್ಲೇ ನಿಲ್ಲಿಸಿ. ಆ ಫೈಲನ್ನು ಬೇರೆಲ್ಲೂ ಬಳಸಬೇಡಿ, ಬೇರೆಯವರಿಗೂ ಕೊಡಬೇಡಿ.

ಚೆನ್ನಾಗಿ ಒರೆಸಿ, ಸುತ್ತಲಿನ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬೆಂಕಿಕಡ್ಡಿಯ ತುದಿಯಿಂದ ನರಹುಲಿಯ ಮೇಲಷ್ಟೇ ಔಷಧದ ಹನಿ ಇಟ್ಟು, ಒಣಗಿದ ಮೇಲೆ ಪ್ಲಾಸ್ಟರ್ ಅಂಟಿಸಿ. ಈ ದ್ರವ ಬೇಗ ಬೆಂಕಿ ಹಿಡಿಯುತ್ತದೆ, ಒಲೆಯ ಹತ್ತಿರ ಬೇಡ. ಮುಚ್ಚಳ ಸಡಿಲವಾಗಿ ಅಂಟಿನಂತೆ ಗಟ್ಟಿಯಾದ ಬಾಟಲಿಯನ್ನು ಎಸೆದುಬಿಡಿ.

ಚರ್ಮ ಕೆಂಪಾಗಿ ಹುಣ್ಣಾದರೆ, ಅದು ಆರುವ ತನಕ ಕೆಲವು ದಿನ ಬಿಡುವು ಕೊಟ್ಟು ಮತ್ತೆ ಶುರು ಮಾಡಿ. ಹೀಗೆ ದಿನವೂ, 12 ವಾರದವರೆಗೂ ಹಚ್ಚಬೇಕಾಗಬಹುದು. ನೋವು ಎಷ್ಟೋ ಮೊದಲೇ ಹೋಗುತ್ತದೆ. ಆಗ ಬಿಟ್ಟವರಿಗೆ ನರಹುಲಿ ಮತ್ತೆ ಬೆಳೆಯುತ್ತದೆ. ಕಪ್ಪು ಚುಕ್ಕಿಗಳು ಮಾಯವಾಗಿ, ಪಾದದ ಗೆರೆಗಳು ಆ ಜಾಗದ ಮೇಲೆ ತಡೆಯಿಲ್ಲದೆ ಹಾದುಹೋದರೆ ಗುಣವಾಯಿತು ಎಂದರ್ಥ. 12 ವಾರವಾದರೂ ಬಗ್ಗದಿದ್ದರೆ ವೈದ್ಯರು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುತ್ತಾರೆ. ಅದೂ ಒಂದೇ ಸಲಕ್ಕೆ ಮುಗಿಯುವುದು ಅಪರೂಪ, ಎರಡು ಮೂರು ವಾರಕ್ಕೊಮ್ಮೆ ಹೋಗಬೇಕಾಗುತ್ತದೆ. ಮಕ್ಕಳಿಗೆ ನೋವಿಲ್ಲದಿದ್ದರೆ ಸುಮ್ಮನೆ ಬಿಡುವುದೇ ಲೇಸು, ಹೆಚ್ಚಿನವು ಒಂದೆರಡು ವರ್ಷದಲ್ಲಿ ತಾವಾಗಿಯೇ ಹೋಗುತ್ತವೆ.