ಎದ್ದ ಕೂಡಲೇ ಬಗ್ಗಬೇಡಿ: ಕೂತು ಕೆಲಸ ಮಾಡುವ ಸೊಂಟಕ್ಕೆ ಬೆಳಗಿನ ಒಂದು ಗಂಟೆ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಬರೆಯುವುದು ಅಂತ ಹೆಸರಿಗೆ, ಈಗ ಎಲ್ಲಾ ಕಂಪ್ಯೂಟರೇ. ಕೊಯ್ಲು ಮುಗಿದು ಲಾರಿಗಳು ಬರೋಕೆ ಶುರುವಾದರೆ ಬೆಳಿಗ್ಗೆ ಒಂಬತ್ತೂವರೆಗೆ ಕೂತವನು ಊಟಕ್ಕೆ ಬಿಟ್ಟರೆ ಏಳುವುದೇ ಇಲ್ಲ. ಎರಡು ವರ್ಷದ ಹಿಂದೆ ಸೊಂಟ ಹಿಡಿಯಲು ಶುರುವಾಯಿತು. ಹಾಸಿಗೆಯಿಂದ ಎದ್ದವನು ಬಚ್ಚಲಿಗೆ ಹೋಗುವಷ್ಟರಲ್ಲಿ ಗೋಡೆ ಹಿಡಿಯಬೇಕಿತ್ತು. "ರೀ, ನಮ್ಮ ತಾತ ಇದಕ್ಕಿಂತ ಜೋರಾಗಿ ನಡೀತಿದ್ರು" ಅಂತ ಮನೆಯವಳು ನಗುತ್ತಿದ್ದಳು.

ಎಲ್ಲರೂ ಹೇಳುವ ಹಾಗೆ ನಾನೂ ಯೋಗಕ್ಕೆ ಸೇರಿದೆ. ಐದೂವರೆಗೆ ಏಳುವುದು, ಮುಖ ತೊಳೆಯುವುದು, ಆರಕ್ಕೆ ಹನ್ನೆರಡು ಸೂರ್ಯನಮಸ್ಕಾರ, ಆಮೇಲೆ ಪಶ್ಚಿಮೋತ್ತಾನಾಸನ. ಬೆರಳು ಪಾದ ಮುಟ್ಟಲೇಬೇಕು ಅನ್ನುವ ಹಟ ಬೇರೆ. ಮೂರು ವಾರ ಆದರೂ ಸೊಂಟ ಸಡಿಲ ಆಗಲಿಲ್ಲ, ಇನ್ನೂ ಜಾಸ್ತಿ ಹಿಡಿಯಿತು. ಯೋಗ ಬಿಟ್ಟು ಜಿಮ್‌ಗೆ ಹೋದೆ. ಆಫೀಸಿನಿಂದ ನೇರವಾಗಿ ಹೋಗಿ ಬಾರ್ ಎತ್ತಿದ್ದೇ ತಪ್ಪಾಯಿತು. ನಾಲ್ಕನೇ ದಿನ ಬಗ್ಗಿದವನು ಹಾಗೇ ನಿಂತುಬಿಟ್ಟೆ.

ಯೋಗದ್ದೂ ತಪ್ಪಲ್ಲ, ಜಿಮ್‌ದೂ ತಪ್ಪಲ್ಲ. ನಾನು ಆರಿಸಿಕೊಂಡ ಹೊತ್ತು ತಪ್ಪಾಗಿತ್ತು. ಇದು ಗೊತ್ತಾಗಿದ್ದು ಒಬ್ಬ ಫಿಸಿಯೋಥೆರಪಿಸ್ಟ್ ಹೇಳಿದ ಮೇಲೆ. ಅವರು ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬೆನ್ನಿನ ಒಳಗೆ ಏನಾಗಿರುತ್ತದೆ

ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಡಿಸ್ಕ್‌ಗಳು ರಾತ್ರಿ ಮಲಗಿದ್ದಾಗ ನೀರು ಹೀರಿಕೊಂಡು ಉಬ್ಬುತ್ತವೆ. ಹಗಲೆಲ್ಲ ಮೈಭಾರ ಬಿದ್ದು ಆ ನೀರು ಹೊರಗೆ ಹೋಗುತ್ತದೆ. ಅದಕ್ಕೇ ಬೆಳಿಗ್ಗೆ ನಾವು ರಾತ್ರಿಗಿಂತ ಸುಮಾರು ಒಂದು ಸೆಂಟಿಮೀಟರ್, ಕೆಲವರು ಇನ್ನೂ ಸ್ವಲ್ಪ ಜಾಸ್ತಿ, ಎತ್ತರ ಇರುತ್ತೇವೆ. ಬಾಗಿಲ ಚೌಕಟ್ಟಿಗೆ ಪೆನ್ಸಿಲ್ ಗುರುತು ಹಾಕಿ ನೋಡಿ, ಗೊತ್ತಾಗುತ್ತೆ. ಹೀಗೆ ಉಬ್ಬಿದ ಡಿಸ್ಕ್ ಬಿಗಿಯಾಗಿ ಗಾಳಿ ಹೊಡೆದ ಸೈಕಲ್ ಟ್ಯೂಬ್ ಇದ್ದಂತೆ. ಆಗ ಮುಂದಕ್ಕೆ ಬಗ್ಗಿದರೆ ಅದರ ಹಿಂಭಾಗದ ಮೇಲೂ ಅಲ್ಲಿ ಮಣಿಗಳನ್ನು ಒಂದಕ್ಕೊಂದು ಹಿಡಿದಿಡುವ ಪಟ್ಟಿಗಳ ಮೇಲೂ ಬೀಳುವ ಎಳೆತ ಸಂಜೆಗಿಂತ ಎಷ್ಟೋ ಹೆಚ್ಚು. ಒಳ್ಳೆಯ ಸುದ್ದಿ ಅಂದರೆ, ಎದ್ದು ಓಡಾಡುವ ಮೊದಲ ಒಂದು ಗಂಟೆಯಲ್ಲೇ ಈ ಉಬ್ಬು ಅರ್ಧಕ್ಕಿಂತ ಜಾಸ್ತಿ ಇಳಿಯುತ್ತದೆ.

1998ರಲ್ಲಿ ಅಮೆರಿಕದ ಸ್ನೂಕ್ ಎಂಬ ಸಂಶೋಧಕ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ಬಹಳ ದಿನದಿಂದ ಸೊಂಟನೋವು ಇದ್ದವರಿಗೆ ಬೆಳಿಗ್ಗೆ ಎದ್ದ ಮೇಲೆ ಸ್ವಲ್ಪ ಹೊತ್ತು ಮುಂದಕ್ಕೆ ಬಗ್ಗಬೇಡಿ ಅಂದರು. ಅಷ್ಟರಿಂದಲೇ ನೋವು ಕಡಿಮೆಯಾಯಿತು.

ಸಂಜೆಯ ಕಥೆ ಬೇರೆ, ಆದರೆ ಅದರ ತಮ್ಮನೇ. ಬೆನ್ನು ಗೂನು ಮಾಡಿಕೊಂಡು ಕೂತಾಗ ಹಿಂದಿನ ಪಟ್ಟಿಗಳು ನಿಧಾನವಾಗಿ ಹಿಗ್ಗುತ್ತವೆ, ಎದ್ದ ತಕ್ಷಣ ಮೊದಲಿನಂತೆ ಬಿಗಿಯುವುದಿಲ್ಲ. ಇಪ್ಪತ್ತು ನಿಮಿಷ ಪೂರ್ತಿ ಬಗ್ಗಿ ಕೂತವರು ಎದ್ದು ಎರಡು ನಿಮಿಷ ಆದರೂ ಅರ್ಧದಷ್ಟು ಮಾತ್ರ ಸರಿಹೋಗಿದ್ದರು ಅನ್ನುವುದು ಕೆನಡಾದ ಬೆನ್ನುಮೂಳೆ ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಅವರ ಲ್ಯಾಬಿನಲ್ಲಿ ಕಂಡದ್ದು. ಇಡೀ ದಿನ ಕೂತು, ಬೈಕ್ ಮೇಲೂ ಕೂತು, ನೇರ ಹೋಗಿ ನಲವತ್ತು ಕೆ.ಜಿ. ಎತ್ತಿದ ನನ್ನ ಕಥೆ ಏನಾಗಬೇಕಿತ್ತೋ ಅದೇ ಆಯಿತು.

ಮೊದಲ ಹೆಜ್ಜೆ: ಹಾಸಿಗೆಯಿಂದ ಬೀದಿಗೆ

ಮಲಗಿದಲ್ಲಿಂದ ನೇರ ಎದ್ದು ಕೂರಬೇಡಿ. ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ. ಹಲ್ಲು ಉಜ್ಜುವಾಗ ಒಂದು ಕೈ ಬೇಸಿನ್ ಅಂಚಿನ ಮೇಲಿರಲಿ, ಬಾಯಿ ಮುಕ್ಕಳಿಸುವಾಗ ಮಂಡಿ ಸ್ವಲ್ಪ ಮಡಿಸಿ. ಶೂ ಲೇಸ್ ಕಟ್ಟಲು ನೆಲಕ್ಕೆ ಬಗ್ಗುವ ಬದಲು ಕಾಲನ್ನು ಜಗಲಿ ಮೇಲೆ ಇಡಿ. ಕಮೋಡ್ ಇಲ್ಲದ ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂರುವುದೂ ಬಗ್ಗುವುದೇ. ಅವಸರ ಇಲ್ಲದಿದ್ದರೆ ಒಂದು ಲೋಟ ಬಿಸಿನೀರು ಕುಡಿದು ಮನೆಯಲ್ಲೇ ಓಡಾಡಿ ಆಮೇಲೆ ಹೋಗಿ. ಅವಸರ ಇದ್ದರೆ ಏನು ಮಾಡೋಕಾಗುತ್ತೆ, ನಲ್ಲಿ ಹಿಡಿದು ನಿಧಾನಕ್ಕೆ ಕೂತು ನಿಧಾನಕ್ಕೆ ಏಳಿ.

ಆಮೇಲೆ ನಡಿಗೆ. ಇಪ್ಪತ್ತರಿಂದ ಮೂವತ್ತು ನಿಮಿಷ, ಕೈ ಬೀಸಿಕೊಂಡು, ಮಾತಾಡಿದರೆ ಸ್ವಲ್ಪ ಉಸಿರು ಹತ್ತುವಷ್ಟು ವೇಗ. ಕೈಯನ್ನು ಜಾಕೆಟ್ ಜೇಬಿನಲ್ಲಿ ಇಟ್ಟುಕೊಂಡು ಕತ್ತು ಬಗ್ಗಿಸಿ ನಡೆದರೆ ಅದು ಕುರ್ಚಿಯ ಭಂಗಿಯನ್ನೇ ಬೀದಿಗೆ ತಂದಂತೆ. ನಮ್ಮೂರಿನ ಜನವರಿ ಚಳಿಯಲ್ಲಿ ನಾವೆಲ್ಲಾ ಹಾಗೇ ನಡೆಯುವುದು. ಅದಕ್ಕೊಂದು ಗ್ಲೌಸ್ ತಗೊಳ್ಳಿ, ಕೈ ಹೊರಗಿರಲಿ. ಮೊದಮೊದಲು ಸುಭಾಷ್‌ಚಂದ್ರ ಬೋಸ್ ಮೈದಾನದಂತಹ ಸಮತಟ್ಟಾದ ಜಾಗ ಸಾಕು. ರತ್ನಗಿರಿ ಬೋರೆ ಹತ್ತುವುದು ಚೆನ್ನ, ಆದರೆ ಇಳಿಯುವಾಗ ಪ್ರತಿ ಹೆಜ್ಜೆಗೂ ಸೊಂಟಕ್ಕೆ ಏಟು ಬೀಳುತ್ತದೆ, ಅದನ್ನು ಒಂದು ತಿಂಗಳಾದ ಮೇಲೆ ಇಟ್ಟುಕೊಳ್ಳಿ.

ಎರಡನೇ ಹೆಜ್ಜೆ: ಚಾಪೆ ಮೇಲೆ ಹತ್ತು ನಿಮಿಷ

ನಡೆದು ಬಂದು, ಎದ್ದು ಸುಮಾರು ಒಂದು ಗಂಟೆ ಆದ ಮೇಲೆ, ಎರಡು ವ್ಯಾಯಾಮ. ಮೆಕ್‌ಗಿಲ್ ಹೇಳುವುದು ಮೂರು, ಮೂರನೆಯದರಲ್ಲಿ ಅಂಗಾತ ಮಲಗಿ ತಲೆ, ಭುಜ ಸ್ವಲ್ಪ ಎತ್ತಬೇಕು. ನನಗೆ ಅದರಲ್ಲಿ ಕತ್ತು ಹಿಡಿಯಿತು, ಬಿಟ್ಟೆ. ಉಳಿದ ಎರಡನ್ನು ಸರಿಯಾಗಿ ಮಾಡಿದರೂ ಶುರುವಿಗೆ ಸಾಕು.

ಒಂದು, ಪಕ್ಕದ ಪ್ಲ್ಯಾಂಕ್. ಒಂದು ಮಗ್ಗುಲಿಗೆ ಮಲಗಿ, ಮಂಡಿ ಮಡಿಸಿ, ಮೊಣಕೈಯನ್ನು ಭುಜದ ನೇರ ಕೆಳಗೆ ಊರಿ ಸೊಂಟ ಎತ್ತಿ. ಮಂಡಿಯಿಂದ ಭುಜದವರೆಗೆ ಒಂದೇ ಗೆರೆ ಇರಬೇಕು. ಹತ್ತು ಸೆಕೆಂಡ್ ಹಿಡಿದು ಇಳಿಸಿ. ಒಂದೊಂದು ಮಗ್ಗುಲಿಗೂ ಮೊದಲ ಸುತ್ತಿನಲ್ಲಿ ಆರು, ಎರಡನೆಯದರಲ್ಲಿ ನಾಲ್ಕು, ಕೊನೆಗೆ ಎರಡು. ಒಂದೇ ಸಲ ಒಂದು ನಿಮಿಷ ಹಿಡಿದು ನಡುಗುವುದಕ್ಕಿಂತ ಇದು ಮೇಲು, ಸುಸ್ತಾಗಿ ಆಕಾರ ಕೆಡುವ ಮೊದಲೇ ಇಳಿಸಿರುತ್ತೀರಿ. ಭುಜ ನೋಯುತ್ತಿದ್ದರೆ ಮೊಣಕೈ ಭುಜದಿಂದ ದೂರ ಹೋಗಿದೆ ಅಂತ ಅರ್ಥ.

ಎರಡು, ಬರ್ಡ್ ಡಾಗ್. ಅಂಬೆಗಾಲಿನಲ್ಲಿ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಬೇಕು. ಇದೂ ಹತ್ತು ಸೆಕೆಂಡ್, ಅದೇ ಆರು, ನಾಲ್ಕು, ಎರಡು, ಆಮೇಲೆ ಕೈಕಾಲು ಬದಲಿಸಿ. ಎಲ್ಲರೂ ಮಾಡುವ ತಪ್ಪು ಕಾಲನ್ನು ಆಕಾಶಕ್ಕೆ ಎತ್ತುವುದು. ಕಾಲು ಸೊಂಟದ ಮಟ್ಟ ದಾಟಿದರೆ ಬೆನ್ನು ಹಳ್ಳ ಬೀಳುತ್ತದೆ, ವ್ಯಾಯಾಮದ ಉದ್ದೇಶವೇ ಹೋಯಿತು. ನನ್ನ ಮಗ ಸೊಂಟದ ಮೇಲೆ ಟಿ.ವಿ. ರಿಮೋಟ್ ಇಟ್ಟು "ಬಿದ್ರೆ ಔಟ್ ಅಪ್ಪಾ" ಅಂತ ಕೂತಿರುತ್ತಿದ್ದ. ಮೊದಲ ವಾರ ದಿನಾ ಔಟ್. ನೀವೂ ಇಟ್ಟು ನೋಡಿ, ಇದಕ್ಕಿಂತ ಒಳ್ಳೆಯ ಕನ್ನಡಿ ಇಲ್ಲ.

ಮೂರನೇ ಹೆಜ್ಜೆ: ಓಟ, ಆದರೆ ತುಂಡು ತುಂಡಾಗಿ

ಎರಡು ವಾರ ನಡಿಗೆ ಸರಿಹೋದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಆರು ಸಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು. ಹೆಜ್ಜೆ ಚಿಕ್ಕದಾಗಿರಲಿ, ಪಾದದ ಸದ್ದು ಜೋರಾಗಿ ಕೇಳಿದರೆ ಹೆಜ್ಜೆ ಉದ್ದ ಆಗಿದೆ ಅಂತ ತಿಳಿಯಿರಿ.

ಹೆಚ್ಚಿಸಬೇಕಾ ಬೇಡವಾ ಅನ್ನುವುದನ್ನು ಓಡುವಾಗ ತೀರ್ಮಾನಿಸಬೇಡಿ, ಆಗ ಮೈ ಬಿಸಿಯಾಗಿ ಎಲ್ಲಾ ಚೆನ್ನಾಗೇ ಅನಿಸುತ್ತದೆ. ಮರುದಿನ ಬೆಳಿಗ್ಗೆ ಎದ್ದಾಗ ಬಿಗಿ ಬಿಡಲು ಎಷ್ಟು ನಿಮಿಷ ಹಿಡಿಯಿತು ಅಂತ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ನನ್ನದು ಮೊದಲ ವಾರ ಇಪ್ಪತ್ತೈದು ನಿಮಿಷ ಇತ್ತು, ಮೂರನೇ ವಾರಕ್ಕೆ ಹದಿನೈದಕ್ಕೆ ಇಳಿಯಿತು. ಖುಷಿಯಲ್ಲಿ ಒಂದು ಭಾನುವಾರ ನಿಲ್ಲಿಸದೆ ಹದಿನೈದು ನಿಮಿಷ ಓಡಿದೆ, ಸೋಮವಾರ ಮೂವತ್ತು! ಎರಡು ದಿನ ಬರೀ ನಡೆದು ಮತ್ತೆ ಒಂದು ನಿಮಿಷದ ಓಟಕ್ಕೇ ಬಂದೆ. ಎಂಟನೇ ವಾರದ ಹೊತ್ತಿಗೆ ಐದು ನಿಮಿಷದ ಬಿಗಿ ಉಳಿದಿತ್ತು. ಈಗಲೂ ಕೆಲವು ದಿನ ಅಷ್ಟಿರುತ್ತದೆ.

ಸಂಜೆಗೆ ಉಳಿದದ್ದು

ಬಗ್ಗುವ ಆಸನಗಳು, ಭಾರ ಎತ್ತುವುದು ಎರಡೂ ಸಂಜೆಗೆ. ಆಫೀಸಿನಿಂದ ಬಂದ ಮೇಲೆ ಹತ್ತು ನಿಮಿಷ ನಡೆದು ಆಮೇಲೆ ಶುರು ಮಾಡಿ. ಪಾದಹಸ್ತಾಸನದಲ್ಲಿ ಮಂಡಿ ಮಡಿಸಿದರೆ ಯಾರೂ ದಂಡ ಹಾಕುವುದಿಲ್ಲ. ಕೈ ನೆಲ ಮುಟ್ಟದಿದ್ದರೆ ಕುರ್ಚಿ ಮುಟ್ಟಲಿ.

ಭಾರ ಎತ್ತುವ ಮೊದಲು ಪೊರಕೆ ಕೋಲಿನ ಪರೀಕ್ಷೆ ಮಾಡಿ. ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿದರೆ ತಲೆಯ ಹಿಂಭಾಗ, ರೆಕ್ಕೆಮೂಳೆಗಳ ನಡು, ಬಾಲದ ಮೂಳೆ, ಈ ಮೂರು ಕಡೆ ತಾಗಬೇಕು. ಮಂಡಿ ಸ್ವಲ್ಪ ಮಡಿಸಿ, ಕುಂಡಿಯನ್ನು ಹಿಂದೆ ಬಾಗಿಲು ನೂಕುವ ಹಾಗೆ ತಳ್ಳುತ್ತಾ ಬಗ್ಗಿ. ಮೂರರಲ್ಲಿ ಒಂದು ಬಿಟ್ಟುಕೊಂಡರೂ ಬಗ್ಗುತ್ತಿರುವುದು ಸೊಂಟದ ಮೂಳೆಯೇ ಹೊರತು ತೊಡೆಯ ಸಂದಲ್ಲ. ಕೋಲು ಕದಲದೆ ಹತ್ತು ಸಲ ಬಂದ ಮೇಲೆ ಎಂಟು ಕೆ.ಜಿ.ಯ ಕೆಟಲ್‌ಬೆಲ್ ಹಿಡಿಯಿರಿ. ಮನೆಯಲ್ಲಿ ನೀರಿನ ಬಕೆಟ್, ಗ್ಯಾಸ್ ಸಿಲಿಂಡರ್ ಕದಲಿಸುವುದಕ್ಕೂ ಇದೇ ಬಗ್ಗುವ ಕ್ರಮ.

ಇದು ನಿಮಗಲ್ಲ ಅನ್ನುವ ಸೂಚನೆಗಳು

ನಾನು ಹೇಳಿದ್ದು ಕೂತು ಕೂತು ಬಿಗಿದ ಸೊಂಟಕ್ಕೆ. ನೋವು ಮಂಡಿ ದಾಟಿ ಪಾದಕ್ಕೆ ಇಳಿಯುತ್ತಿದ್ದರೆ, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಜೊತೆಗಿದ್ದರೆ ವ್ಯಾಯಾಮ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ. ಕಾಲಿನ ಹೆಬ್ಬೆರಳು ಎತ್ತಲು ಶಕ್ತಿ ಇಲ್ಲದಿದ್ದರೆ ತಡ ಮಾಡಬೇಡಿ. ಎರಡು ತೊಡೆಗಳ ನಡುವೆ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ.

ಇನ್ನೊಂದನ್ನು ಜನ ಗಮನಿಸುವುದೇ ಇಲ್ಲ. ನಲವತ್ತೈದರೊಳಗಿನವರಿಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಬೆಳಗಿನ ಬಿಗಿ ದಿನಾ ಅರ್ಧ ಗಂಟೆ ದಾಟುತ್ತಿದ್ದರೆ, ಓಡಾಡಿದರೆ ಆರಾಮ, ಮಲಗಿದರೆ ಜಾಸ್ತಿ ಅನ್ನುವಂತಿದ್ದರೆ, ರಾತ್ರಿಯ ಎರಡನೇ ಅರ್ಧದಲ್ಲಿ ನೋವಿಗೆ ಎಚ್ಚರವಾಗುತ್ತಿದ್ದರೆ ಅದು ಕುರ್ಚಿಯ ತಪ್ಪಲ್ಲದೆ ಬೆನ್ನಿನ ಕೀಲುಗಳ ಉರಿಯೂತ ಇರಬಹುದು. ಅದಕ್ಕೆ ರುಮಟಾಲಜಿ ಡಾಕ್ಟರನ್ನು ನೋಡಬೇಕು. ಆಗ ಕ್ಯಾಲೆಂಡರ್‌ನಲ್ಲಿ ಬರೆದ ನಿಮಿಷಗಳನ್ನೂ ತೋರಿಸಿ, ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

ಜೂನ್ ಬಂದರೆ ನಮ್ಮೂರಿನ ಮಳೆ ಯಾರನ್ನೂ ಹೊರಗೆ ಬಿಡುವುದಿಲ್ಲ. ನಾನು ಆಗ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ಇಪ್ಪತ್ತು ನಿಮಿಷ ಓಡಾಡುತ್ತೇನೆ. ಮನೆಯವಳಿಗೆ ಕಾಲಿಗೆ ಸಿಕ್ಕಿ ಬೈಸಿಕೊಳ್ಳುತ್ತೇನೆ, ಆದರೆ ಚಾಪೆ ಮಾತ್ರ ಆರೂವರೆಗೆ ಮುಂಚೆ ಬಿಚ್ಚುವುದಿಲ್ಲ.