ಸ್ಲೈಡ್‌ನಿಂದ ಕೇಸ್ ಸ್ಟಡಿ: ಬರೆಯಲು ಕೊನೆಯಿಂದ ಶುರು ಮಾಡಿ

ಸಮ್ಮೇಳನದಲ್ಲಿ ಭಾಷಣ ಚೆನ್ನಾಗಿ ಆಯಿತು. ಈಗ ಅದನ್ನೇ ಕೇಸ್ ಸ್ಟಡಿಯಾಗಿ ಬರೆದುಕೊಡಿ ಎಂದು ಕೇಳಿದ್ದಾರೆ. ಮೂವತ್ತು ಸ್ಲೈಡ್ ಇವೆಯಲ್ಲ, ಒಂದೊಂದನ್ನೂ ಒಂದು ಪ್ಯಾರಾ ಮಾಡಿದರೆ ಮುಗೀತು ಅನ್ನಿಸುತ್ತದೆ. ಹಾಗೆ ಬರೆದದ್ದನ್ನು ಓದಿ ನೋಡಿ, ಎಲ್ಲೋ ಏನೋ ತಪ್ಪಿಹೋದಂತೆ ಇರುತ್ತದೆ. ವಿಷಯದ ಅರ್ಧ ಭಾಗ ಸ್ಲೈಡ್‌ನಲ್ಲಿ ಇರಲೇ ಇಲ್ಲ, ನೀವು ಬಾಯಲ್ಲಿ ಹೇಳಿದ್ದಿರಿ. ಮೊದಲ ಕೆಲಸ ಆ ಅರ್ಧವನ್ನು ವಾಪಸ್ ತರುವುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಸಾಫ್ಟ್‌ವೇರ್ ತಂಡಕ್ಕೆ ದಿನಾ ರಾತ್ರಿ 40,000 ಗ್ರಾಹಕರ ಲೆಕ್ಕದ ವರದಿ ತಯಾರು ಮಾಡುವ ಕೆಲಸ. ಮೊದಲು ಅದಕ್ಕೆ 6 ಗಂಟೆ ಹಿಡಿಯುತ್ತಿತ್ತು. ತಂಡ ಪ್ರೋಗ್ರಾಮ್ ಬದಲಿಸಿತು, ಈಗ 50 ನಿಮಿಷ ಸಾಕು. ಭಾಷಣದ ಕೊನೆಯ ಸ್ಲೈಡ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಒಂದೇ ಸಾಲಿದೆ: "86% ಸಮಯ ಉಳಿತಾಯ". ಸಭೆ ಚಪ್ಪಾಳೆ ಹೊಡೆಯಿತು. ಈ ಸಾಲನ್ನು ಬರಹಕ್ಕೆ ಹೇಗೆ ತರುವುದು?

ಬಿಟ್ಟುಹೋದದ್ದನ್ನು ಹುಡುಕಿ

ಸ್ಲೈಡ್ ಕೆಳಗೆ ಬರೆದುಕೊಂಡ ಟಿಪ್ಪಣಿಗಳನ್ನು ಮೊದಲು ಹೊರಗೆ ತೆಗೆಯಿರಿ. ವಿಂಡೋಸ್‌ನ ಪವರ್‌ಪಾಯಿಂಟ್‌ನಲ್ಲಿ File > Export > Create Handouts ಒತ್ತಿದರೆ ಸ್ಲೈಡ್ ಮತ್ತು ಟಿಪ್ಪಣಿ ಎರಡೂ ವರ್ಡ್ ಫೈಲಿಗೆ ಬರುತ್ತವೆ. ಮರೆಮಾಡಿದ ಸ್ಲೈಡ್‌ಗಳನ್ನೂ ನೋಡಿ. ಸಮಯ ಸಾಲದು ಎಂದು ಪಕ್ಕಕ್ಕಿಟ್ಟ ಅಂಕಿಅಂಶ ಅಲ್ಲೇ ಇರುತ್ತದೆ.

ನಂತರ ರೆಕಾರ್ಡಿಂಗ್ ಕೇಳಿ. ಪೂರ್ತಿ ಕೇಳಲು ಪುರುಸೊತ್ತಿಲ್ಲದಿದ್ದರೆ ಕೊನೆಯ ಪ್ರಶ್ನೋತ್ತರವನ್ನಾದರೂ ಬಿಡಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಕೇಳುಗರು ಪ್ರಶ್ನೆ ಕೇಳಿದ ಜಾಗದಲ್ಲೇ ಓದುಗರಿಗೂ ಅನುಮಾನ ಬರುತ್ತದೆ.

ನಮ್ಮ ಉದಾಹರಣೆಯಲ್ಲಿ ಒಬ್ಬರು ಎದ್ದು ಕೇಳಿದ್ದರು: "ಅದೇ ತಿಂಗಳು ನೀವು ಹೊಸ ಸರ್ವರ್‌ಗೂ ಬದಲಾದಿರಿ ಅಂದಿರಲ್ಲ, ವೇಗ ಬಂದದ್ದು ಅದರಿಂದಲೇ ಇರಬಹುದಲ್ವಾ?" ಭಾಷಣಕಾರರ ಉತ್ತರ: "ಒಂದು ರಾತ್ರಿ ಹಳೇ ಪ್ರೋಗ್ರಾಮನ್ನೇ ಹೊಸ ಸರ್ವರ್ ಮೇಲೆ ಓಡಿಸಿ ನೋಡಿದೆವು. ನಾಲ್ಕೂವರೆ ಗಂಟೆ ಆಯಿತು." ಈ ಉತ್ತರ ಯಾವ ಸ್ಲೈಡ್‌ನಲ್ಲೂ ಇಲ್ಲ. ಆದರೆ ಇಡೀ ಕೇಸ್ ಸ್ಟಡಿ ನಿಲ್ಲುವುದೇ ಇದರ ಮೇಲೆ.

ಫಲಿತಾಂಶ ಮೊದಲು ಬರೆಯಿರಿ

ಓದುವವರಿಗೆ ಹಿನ್ನೆಲೆ, ಸವಾಲು, ವಿಧಾನ, ಫಲಿತಾಂಶ ಅನ್ನುವ ಕ್ರಮ ಸರಿ. ಬರೆಯುವಾಗ ಮಾತ್ರ ಕೊನೆಯದರಿಂದ ಶುರು ಮಾಡುವುದು ಒಳ್ಳೆಯದು. ನೀವು ಏನನ್ನು ಸಾಬೀತು ಮಾಡಬಲ್ಲಿರಿ ಅನ್ನುವುದು ಅಲ್ಲಿ ತಿಳಿಯುತ್ತದೆ. ಉಳಿದ ಮೂರು ಭಾಗದಲ್ಲಿ ಏನಿರಬೇಕು, ಏನು ಬೇಡ ಅನ್ನುವುದೂ ಅದರಿಂದಲೇ ಗೊತ್ತಾಗುತ್ತದೆ.

ಪ್ರತಿ ಅಂಕಿಗೂ ನಾಲ್ಕು ಪ್ರಶ್ನೆ ಹಾಕಿ. ಮೊದಲು ಎಷ್ಟಿತ್ತು? ಈಗ ಎಷ್ಟು? ಎಷ್ಟು ದಿನ ಅಳೆದಿರಿ? ಆ ಹೊತ್ತಿನಲ್ಲಿ ಬೇರೆ ಏನಾದರೂ ಬದಲಾಗಿತ್ತೇ? 86% ಅನ್ನುವ ಲೆಕ್ಕ ತಪ್ಪಲ್ಲ. 360 ನಿಮಿಷ 50ಕ್ಕೆ ಇಳಿದರೆ ಉಳಿತಾಯ ಅಷ್ಟೇ ಆಗುತ್ತದೆ. ಆದರೆ ನಾಲ್ಕನೇ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಹಳೇ ಪ್ರೋಗ್ರಾಮ್ ಹೊಸ ಸರ್ವರ್‌ನಲ್ಲಿ 270 ನಿಮಿಷ ತೆಗೆದುಕೊಂಡಿತು. ಅಂದರೆ ಒಟ್ಟು ಉಳಿತಾಯವಾದ 310 ನಿಮಿಷದಲ್ಲಿ ಸರ್ವರ್‌ನಿಂದ 90, ಪ್ರೋಗ್ರಾಮ್ ಬದಲಿಸಿದ್ದರಿಂದ 220. ಬರಹದಲ್ಲಿ ಅದು ಹೀಗೆ ಬರುತ್ತದೆ:

"ವರದಿಯ ಸಮಯ 6 ಗಂಟೆಯಿಂದ 50 ನಿಮಿಷಕ್ಕೆ ಇಳಿಯಿತು. ಇದರಲ್ಲಿ ಸುಮಾರು ಒಂದೂವರೆ ಗಂಟೆ ಹೊಸ ಸರ್ವರ್‌ನಿಂದ ಉಳಿದದ್ದು, ಮಿಕ್ಕದ್ದು ಪ್ರೋಗ್ರಾಮ್‌ನ ಬದಲಾವಣೆಯಿಂದ. ಹಳೇ ಪ್ರೋಗ್ರಾಮನ್ನು ಹೊಸ ಸರ್ವರ್ ಮೇಲೆ ಓಡಿಸಿ ನೋಡಿದ್ದು ಒಂದೇ ರಾತ್ರಿ. ಹಾಗಾಗಿ ಈ ಹಂಚಿಕೆ ಅಂದಾಜು."

ಕೊನೆಯ ಎರಡು ವಾಕ್ಯ ಬರೆಯಲು ಕೈ ಹಿಂಜರಿಯುತ್ತದೆ. ದಯವಿಟ್ಟು ಬರೆಯಿರಿ. ಅದೇ ಕೆಲಸವನ್ನು ತಮ್ಮ ಕಡೆ ಮಾಡಲು ಹೊರಟವರಿಗೆ ಬೇಕಾದ ಮಾಹಿತಿ ಅದೇ. ಸರ್ವರ್ ಬದಲಿಸದೆ ಪ್ರೋಗ್ರಾಮನ್ನಷ್ಟೇ ಬದಲಿಸಿದವರು 50 ನಿಮಿಷವನ್ನೇ ನಿರೀಕ್ಷಿಸಿ ಕೂತರೆ ನಿರಾಸೆ ಆಗಬಹುದು.

ಸವಾಲು ಮತ್ತು ಹಿನ್ನೆಲೆ ಬೇರೆ ಮಾಡಿ

ಇವೆರಡು ಜಾಸ್ತಿ ಕಲಸಿಹೋಗುತ್ತವೆ. ನಾನು ಬಳಸುವ ಪರೀಕ್ಷೆ ಸರಳ. ತೊಂದರೆ ಬರದಿದ್ದರೂ ನಿಜವಾಗಿರುತ್ತಿದ್ದ ಮಾತು ಹಿನ್ನೆಲೆಗೆ ಸೇರುತ್ತದೆ. ತೊಂದರೆಯಿಂದಲೇ ಹುಟ್ಟಿದ ಮಾತು ಸವಾಲಿಗೆ. 40,000 ಗ್ರಾಹಕರಿದ್ದಾರೆ, ರಾತ್ರಿ ವರದಿ ತಯಾರಾಗುತ್ತದೆ ಅನ್ನುವುದು ಹಿನ್ನೆಲೆ. ರಾತ್ರಿ 1ಕ್ಕೆ ಶುರುವಾದ ಕೆಲಸ ಬೆಳಿಗ್ಗೆ 7ಕ್ಕೆ ಮುಗಿಯುತ್ತದೆ, ಆದರೆ ಸಿಬ್ಬಂದಿಗೆ 6ಕ್ಕೇ ವರದಿ ಬೇಕು ಅನ್ನುವುದು ಸವಾಲು.

ಇಲ್ಲಿ ಒಂದು ಹೊಂದಿಕೆ ನೋಡಿ. ಸವಾಲನ್ನು ಗಂಟೆಯಲ್ಲಿ ಹೇಳಿದರೆ ಫಲಿತಾಂಶವೂ ಗಂಟೆಯಲ್ಲೇ ಬರಬೇಕು. "ಸಿಬ್ಬಂದಿಗೆ ತೊಂದರೆ ಆಗುತ್ತಿತ್ತು" ಎಂದು ಶುರು ಮಾಡಿ ಕೊನೆಗೆ ಪ್ರೊಸೆಸರ್ ಬಳಕೆಯ ಗ್ರಾಫ್ ತೋರಿಸಿದರೆ, ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಈಗ ರಾತ್ರಿ 2ಕ್ಕೆ ಮುಂಚೆಯೇ ವರದಿ ಸಿದ್ಧ ಎಂದು ಬರೆದರೆ ಎರಡು ತುದಿಯೂ ಕೂಡಿಕೊಳ್ಳುತ್ತವೆ.

ಹಿನ್ನೆಲೆಯನ್ನು ಒಂದೆರಡು ಪ್ಯಾರಾದಲ್ಲಿ ಮುಗಿಸಿ. ಭಾಷಣದಲ್ಲಿ ಸಂಸ್ಥೆಯ ಪರಿಚಯಕ್ಕೆ ಆರು ಸ್ಲೈಡ್ ಇದ್ದಿರಬಹುದು. ಜನ ಬಂದು ಕೂರುವ ತನಕ ಅವು ಬೇಕಿದ್ದವು, ಇಲ್ಲಿ ಬೇಡ.

ವಿಧಾನದಲ್ಲಿ ಕಾರಣ ಹೇಳಿ

ಸ್ಲೈಡ್‌ನಲ್ಲಿ ಮೂರು ಸಾಲಿರುತ್ತದೆ: ಗುಂಪು ಮಾಡಿದೆವು, ಸರ್ವರ್ ಬದಲಿಸಿದೆವು, ಪರೀಕ್ಷಿಸಿದೆವು. ಏನು ಮಾಡಿದಿರಿ ಅನ್ನುವುದು ಇದೆ, ಯಾಕೆ ಅನ್ನುವುದು ಇಲ್ಲ. ಪ್ರತಿ ಹೆಜ್ಜೆಗೂ ಕಾಣಿಸಿದ್ದೇನು, ತೀರ್ಮಾನಿಸಿದ್ದೇನು, ಕೈಬಿಟ್ಟಿದ್ದೇನು ಎಂದು ಬರೆಯಿರಿ.

ನಮ್ಮ ತಂಡದ ಮಟ್ಟಿಗೆ ಅದು ಹೀಗಿರುತ್ತದೆ. ಲಾಗ್ ನೋಡಿದಾಗ ಪ್ರೋಗ್ರಾಮ್ ಪ್ರತಿ ಗ್ರಾಹಕರಿಗೂ ಡೇಟಾಬೇಸನ್ನು ಬೇರೆ ಬೇರೆಯಾಗಿ ಕೇಳುತ್ತಿತ್ತು, ಒಟ್ಟು 40,000 ಸಲ. ಒಂದು ಸಲಕ್ಕೆ 1,000 ಗ್ರಾಹಕರ ಮಾಹಿತಿ ತರುವಂತೆ ಬದಲಿಸಿದಾಗ ಅದು 40 ಸಲಕ್ಕೆ ಇಳಿಯಿತು. ಎಲ್ಲರದ್ದನ್ನೂ ಒಂದೇ ಸಲ ತರುವ ಪ್ರಯತ್ನವೂ ಆಗಿತ್ತು. ಮೆಮೊರಿ ಸಾಲದೆ ಪ್ರೋಗ್ರಾಮ್ ಮಧ್ಯದಲ್ಲೇ ನಿಂತುಹೋಯಿತು, ಅದಕ್ಕೇ 1,000ಕ್ಕೆ ಬಂದರು. ಸೋತ ಈ ಪ್ರಯತ್ನ ಭಾಷಣದಲ್ಲಿ ಒಂದು ನಗೆಯ ಮಾತಾಗಿ ಹೋಗಿರುತ್ತದೆ. ಬರಹದಲ್ಲಿ ಅದಕ್ಕೆ ಒಂದು ಇಡೀ ಪ್ಯಾರಾ ಕೊಡಿ.

ಪ್ರಕಟಿಸುವ ಮುಂಚೆ

ಸ್ಲೈಡ್‌ನ ಗ್ರಾಫನ್ನು ಸುಮ್ನೆ ಹಾಗೇ ಅಂಟಿಸಬೇಡಿ. ಪರದೆಯ ಮೇಲೆ ಅದು ಹಂತಹಂತವಾಗಿ ಮೂಡಿತ್ತು, ನೀವು ಬೆರಳು ತೋರಿಸಿ ವಿವರಿಸಿದ್ದಿರಿ. ಕಾಗದದಲ್ಲಿ ಆ ಬೆರಳು ಇಲ್ಲ. ಹೊಸದಾಗಿ ಬಿಡಿಸಿ, ಅಳತೆ ಸೊನ್ನೆಯಿಂದ ಶುರುವಾಗಲಿ, ಎರಡೂ ಅಕ್ಷದ ಮೇಲೆ ಹೆಸರಿರಲಿ. ಇಲ್ಲಿ ಮೂರು ಕಂಬ ಸಾಕು: 360, 270, 50.

ಗ್ರಾಹಕ ಸಂಸ್ಥೆಯ ಹೆಸರು ಬಳಸುವುದಾದರೆ ಮತ್ತೊಮ್ಮೆ ಬರಹದಲ್ಲೇ ಒಪ್ಪಿಗೆ ಪಡೆಯಿರಿ. ವೇದಿಕೆಯಲ್ಲಿ ಹೇಳಲು ಒಪ್ಪಿದವರು ಅಚ್ಚಾಗಿ ಉಳಿಯುವುದಕ್ಕೂ ಒಪ್ಪಿದ್ದಾರೆ ಎಂದು ತಿಳಿಯಬಾರದು. ಅವರು ಬೇಡ ಅಂದರೆ ಹೆಸರಷ್ಟೇ ತೆಗೆದರೆ ಸಾಲದು. ಗ್ರಾಹಕರ ಸಂಖ್ಯೆ, ಕೆಲಸದ ಸಮಯದಂಥ ಗುರುತು ಸಿಗುವ ವಿವರಗಳನ್ನೂ ಅವರಿಗೆ ತೋರಿಸಿ ಕೇಳಿ.

ಆಮೇಲೆ ಭಾಷಣಕ್ಕೆ ಬಾರದಿದ್ದ ಒಬ್ಬರಿಗೆ ಕರಡನ್ನು ಕೊಡಿ. ಓದಿ ಮುಗಿಸಿದ ಮೇಲೆ, "ಎಷ್ಟು ಉಳಿತು, ಯಾವುದರಿಂದ ಉಳಿತು?" ಎಂದು ಕೇಳಿ. ಅವರು "86%" ಎಂದಷ್ಟೇ ಹೇಳಿದರೆ ಫಲಿತಾಂಶದ ಭಾಗವನ್ನು ಮತ್ತೆ ಬರೆಯಬೇಕು. "ಒಂದೂವರೆ ಗಂಟೆ ಸರ್ವರ್‌ದು, ಮಿಕ್ಕದ್ದು ಪ್ರೋಗ್ರಾಮ್‌ದು" ಅಂದರೆ ಕರಡನ್ನು ಕಳಿಸಬಹುದು.