ಒತ್ತಕ್ಷರಕ್ಕೆ ಜಾಗ ಬಿಟ್ಟ ಕಥೆ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕುಗಳೇ ಹೆಚ್ಚು. ವರ್ಷಕ್ಕೆ ಎರಡು ಮೂರು ಪುಸ್ತಕಗಳು ಬರುತ್ತವೆ. ಹಾಗೆ ಬಂದದ್ದು ನಿವೃತ್ತ ಮಾಸ್ತರರೊಬ್ಬರ ಹಸ್ತಪ್ರತಿ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಪೇಟೆಯ ನೆನಪುಗಳನ್ನು ಅವರು ಬರೆದಿದ್ದರು. ಒಂದಷ್ಟು ಮೊದಲೇ ಟೈಪ್ ಆಗಿತ್ತು, ಉಳಿದದ್ದನ್ನು ನಾನೇ ಮಾಡಿದೆ. 1/8 ಡೆಮಿ, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರದ ಪುಸ್ತಕ. ಅಕ್ಷರ 12 ಪಾಯಿಂಟ್, ಸಾಲಿನಿಂದ ಸಾಲಿಗೆ 16 ಪಾಯಿಂಟ್ ಇಟ್ಟೆ. ಸರಿಯಾಗಿ 240 ಪುಟಗಳಾದವು. ಹದಿನಾರು ಪುಟದ ಫಾರ್ಮಿನ ಲೆಕ್ಕದಲ್ಲಿ ಹದಿನೈದು ಫಾರ್ಮು. ಅದೇ ಲೆಕ್ಕದ ಮೇಲೆ ಪ್ರೆಸ್ಸಿನವರು ದರ ಹೇಳಿಯೂ ಆಗಿತ್ತು.

ಮೊದಲ ಪ್ರೂಫನ್ನು ಮಾಸ್ತರರು ನನ್ನೆದುರೇ ಕುಳಿತು ಗಟ್ಟಿಯಾಗಿ ಓದಿದರು. ಮೂರನೆಯ ಪುಟದಲ್ಲಿ ಓದಿದ ಸಾಲನ್ನೇ ಮತ್ತೊಮ್ಮೆ ಓದಿದರು. ಮುಂದೆ ಇನ್ನೊಂದು ಕಡೆ ‘ರಾಷ್ಟ್ರೀಯ’ ಎಂಬಲ್ಲಿ ತಡೆದು, "ತಮ್ಮಾ, ಇಲ್ಲಿ ಶಾಯಿ ಹತ್ತಿದೆಯೇನು?" ಎಂದು ಕೇಳಿದರು. ಶಾಯಿ ಹತ್ತಿರಲಿಲ್ಲ. ‘ಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ‘ಕಿ’ಯ ಗುಡಿಸಿಗೆ ತಾಗಿ, ಎರಡೂ ಸೇರಿ ಒಂದು ಮಸಿ ಚುಕ್ಕೆಯಂತೆ ಕಾಣುತ್ತಿದ್ದವು.

ಕನ್ನಡದ ಸಾಲು ಇಂಗ್ಲಿಷ್ ಸಾಲಿನಂತಲ್ಲ ಎಂಬುದು ನನಗೆ ಬಾಯಿಮಾತಿನಲ್ಲಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಇಳಿಯುವುದು g, p, y ತರಹದ ಕೆಲವೇ ಅಕ್ಷರಗಳ ಬಾಲ. ನಮ್ಮಲ್ಲಿ ಒತ್ತಕ್ಷರ ಪೂರ್ತಿಯಾಗಿ ಸಾಲಿನ ಕೆಳಗೆ ಕೂರುತ್ತದೆ. ‘ಸ್ತ್ರೀ’, ‘ಲಕ್ಷ್ಮಿ’ಯಂಥ ಪದಗಳಲ್ಲಿ ಎರಡು ಒತ್ತು ಕೂರುತ್ತವೆ. ಮೇಲುಗಡೆ ತಲೆಕಟ್ಟು, ಗುಡಿಸು, ಎತ್ವ. ಹೀಗೆ ಮೇಲಿನ ಸಾಲು ಕೆಳಕ್ಕೆ ಚಾಚುತ್ತದೆ, ಕೆಳಗಿನದು ಮೇಲಕ್ಕೆ. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಸಾಲಂತರವನ್ನು ‘ಆಟೊ’ ಎಂದು ಬಿಟ್ಟರೆ ಅದು ಅಕ್ಷರದ ಅಳತೆಯ 120 ಶೇಕಡಾ ಇಡುತ್ತದೆ. 12 ಪಾಯಿಂಟಿಗೆ 14.4 ಆಯಿತು. ನಾನು 16 ಇಟ್ಟು ಧಾರಾಳವಾಯಿತೆಂದುಕೊಂಡಿದ್ದೆ.

ಆ ದಿನ ರಾತ್ರಿ ಎರಡೇ ಸಾಲಿನ ಪರೀಕ್ಷೆಯೊಂದನ್ನು ಮಾಡಿದೆ. ಮೇಲಿನ ಸಾಲಿನಲ್ಲಿ ರಾಷ್ಟ್ರ, ಸ್ತ್ರೀ, ಶಾಸ್ತ್ರ, ಲಕ್ಷ್ಮಿ, ಉಜ್ಜ್ವಲ; ಅವುಗಳ ನೇರ ಕೆಳಗೆ ಕಿವಿ, ಹಿರಿಯ, ಕೆರೆ, ಬೇಲಿ. ಸಾಲಂತರವನ್ನು ಅರ್ಧರ್ಧ ಪಾಯಿಂಟ್ ಏರಿಸುತ್ತ ಪ್ರಿಂಟ್ ತೆಗೆದೆ. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಎಲ್ಲವೂ ಬಿಡಿಬಿಡಿಯಾಗಿಯೇ ಕಾಣುತ್ತದೆ, ಅದನ್ನು ನಂಬಬಾರದು. ನಾನು ಬಳಸಿದ ಫಾಂಟಿನಲ್ಲಿ, 12 ಪಾಯಿಂಟ್ ಅಕ್ಷರಕ್ಕೆ, 17ರಲ್ಲಿ ತಾಗುವುದು ನಿಂತಿತು. 18ರಲ್ಲಿ ಎರಡು ಸಾಲುಗಳ ನಡುವೆ ಬಿಳಿಯ ಪಟ್ಟಿಯೊಂದು ತುಂಡಾಗದೆ ಓಡಿತು. ಕಣ್ಣು ಸಾಲನ್ನು ಹಿಡಿದುಕೊಂಡು ಹೋಗುವುದು ಆ ಪಟ್ಟಿಯ ಮೇಲೆಯೇ. ಫಾಂಟ್ ಬದಲಾದರೆ ಈ ಅಂಕಿಗಳೂ ಬದಲಾಗುತ್ತವೆ. ಒಂದೇ 12 ಪಾಯಿಂಟಿನಲ್ಲಿ ಒಂದು ಫಾಂಟಿನ ಅಕ್ಷರ ದಪ್ಪನೆ ದುಂಡಗೆ ಕೂತರೆ ಇನ್ನೊಂದರದು ಸೊರಗಿರುತ್ತದೆ. ಆದ್ದರಿಂದ ಈಗ ಹೊಸ ಫಾಂಟ್ ಹಿಡಿದಾಗಲೆಲ್ಲ ಮೊದಲು ಆ ಎರಡು ಸಾಲುಗಳನ್ನು ಛಾಪಿಸಿ ನೋಡುತ್ತೇನೆ.

18 ಇಟ್ಟರೆ ಸಮಸ್ಯೆ ದುಡ್ಡಿನದು. ಪುಟದಲ್ಲಿ ಅಕ್ಷರ ನಿಲ್ಲುವ ಎತ್ತರ ಏಳು ಇಂಚು, 504 ಪಾಯಿಂಟ್. 16ರಲ್ಲಿ 31 ಸಾಲು ಹಿಡಿಯುತ್ತಿದ್ದ ಪುಟ 18ರಲ್ಲಿ 28 ಸಾಲಿಗೆ ಇಳಿಯಿತು. 240 ಪುಟ ಸುಮಾರು 266 ಆಗುತ್ತದೆ, ಅಂದರೆ ಹದಿನೇಳು ಫಾರ್ಮು. ಮಾಸ್ತರರು ಪಿಂಚಣಿಯ ಹಣದಲ್ಲಿ ಪುಸ್ತಕ ತರುತ್ತಿದ್ದರು. ಇನ್ನೂ ಎರಡು ಫಾರ್ಮು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆಗ ಅಕ್ಷರವನ್ನೇ 11ಕ್ಕೆ ಇಳಿಸಿ ಸಾಲಂತರವನ್ನು 17 ಇಟ್ಟು ನೋಡಿದೆ. ಪುಟಕ್ಕೆ 29 ಸಾಲು. ಅಕ್ಷರ ಸಣ್ಣದಾದ್ದರಿಂದ ಪ್ರತಿ ಸಾಲಿನಲ್ಲೂ ಸ್ವಲ್ಪ ಹೆಚ್ಚು ಮಾತು ಹಿಡಿಯಿತು. ಲೆಕ್ಕ ಹಾಕಿದರೆ 235 ಪುಟದ ಆಸುಪಾಸು, ಹದಿನೈದು ಫಾರ್ಮಿನೊಳಗೇ. ಎಪ್ಪತ್ತು ದಾಟಿದವರಿಗೆ ಸಣ್ಣಕ್ಷರ ಕೊಡುವುದೇ ಎಂದು ಅಳುಕಿತ್ತು. ಯಾವುದು ಯಾವ ಅಳತೆ ಎಂದು ಹೇಳದೆ ಎರಡು ಪ್ರತಿಗಳನ್ನು ಅವರ ಮುಂದಿಟ್ಟೆ. ಎರಡನ್ನೂ ಓದಿ, 11ರದ್ದನ್ನು ಎತ್ತಿಕೊಂಡು, "ಇದರ ಅಕ್ಷರ ದೊಡ್ಡದಿದೆ, ಇದೇ ಇರಲಿ" ಎಂದರು. ನಾನು ತಿದ್ದಲು ಹೋಗಲಿಲ್ಲ.

ಸಾಲಿನ ಉದ್ದ ನಾಲ್ಕೂಕಾಲು ಇಂಚು. 11 ಪಾಯಿಂಟಿನಲ್ಲಿ ಆರೇಳು ಪದ ಹಿಡಿಯುತ್ತದೆ. ಇಂಗ್ಲಿಷ್ ಪುಸ್ತಕಗಳಿಗೆ ಹೇಳುವ ಅಕ್ಷರ ಎಣಿಕೆಯ ಸೂತ್ರ ಇಲ್ಲಿ ನಡೆಯುವುದಿಲ್ಲ. ನಮ್ಮ ಪದಗಳು ಪ್ರತ್ಯಯಗಳನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತವೆ. ‘ಪುನರ್ವಸತಿಗೊಳಿಸಲಾಗಿದೆಯೆಂದು’ ಎಂಬ ಒಂದೇ ಪದ ಸಾಲಿನ ಮೂರನೇ ಒಂದು ಭಾಗವನ್ನು ತಿನ್ನುತ್ತದೆ. ಸಾಲು ಇದಕ್ಕಿಂತ ಗಿಡ್ಡವಾದರೆ ಎರಡೂ ಅಂಚು ಸಮ ಮಾಡುವಾಗ ಪದಗಳ ನಡುವೆ ಹಳ್ಳ ಬೀಳುತ್ತದೆ. ಉದ್ದವಾದರೂ ಕಷ್ಟವೇ: ಮಾಸ್ತರರು ಮೊದಲು ತಂದಿದ್ದ ಎ4 ಪ್ರತಿಯಲ್ಲಿ ಸಾಲಿಗೆ ಹತ್ತು ಪದಗಳಿದ್ದು, ಅಂಚಿನಿಂದ ಮರಳುವ ಕಣ್ಣಿಗೆ ಮುಂದಿನ ಸಾಲು ಸಿಗುತ್ತಿರಲಿಲ್ಲ.

ಹಳ್ಳ ಮುಚ್ಚಲು ನಾನು ಮಾಡಿದ ತಪ್ಪನ್ನೂ ಹೇಳಬೇಕು. ಹಳೆಯ ಇಂಗ್ಲಿಷ್ ಕಾಲೇಜು ಮ್ಯಾಗಜಿನ್ ಒಂದರ ಟೆಂಪ್ಲೇಟನ್ನೇ ಇದಕ್ಕೂ ಬಳಸಿದ್ದೆ. ಅದರಲ್ಲಿ ಅಂಚು ಸಮ ಮಾಡಲು ಅಕ್ಷರಗಳ ನಡುವೆಯೂ ಜಾಗ ಹಿಗ್ಗಿಸುವ ಅನುಮತಿ ಇತ್ತು. ಮಾಸ್ತರರ ಹಸ್ತಪ್ರತಿಯ ಮೊದಲೆರಡು ಅಧ್ಯಾಯಗಳು ಹಳೆಯ ನುಡಿ ಫಾಂಟಿನಲ್ಲಿ, ಯುನಿಕೋಡ್ ಅಲ್ಲದ ರೂಪದಲ್ಲಿ ಇದ್ದವು. ಆ ಫಾಂಟುಗಳಲ್ಲಿ ಅಕ್ಷರದ ಒಡಲು, ಒತ್ತು, ದೀರ್ಘ ಎಲ್ಲವೂ ಬೇರೆ ಬೇರೆ ತುಂಡುಗಳು. ಜಾಗ ಹಿಗ್ಗಿದೊಡನೆ ಒತ್ತು ತನ್ನ ಅಕ್ಷರವನ್ನು ಬಿಟ್ಟು ಪಕ್ಕದ ಅಕ್ಷರದ ಕೆಳಗೆ ಹೋಗಿ ನಿಂತಿತು, ದೀರ್ಘ ಒಂಟಿಯಾಗಿ ತೇಲಿತು. ಯುನಿಕೋಡಿಗೆ ಬದಲಾಯಿಸಿದ ಮೇಲೆ ಇದು ಬಹುಪಾಲು ನಿಂತರೂ, ಅಕ್ಷರ ಸಡಿಲಾದ ಸಾಲು ಉಳಿದ ಸಾಲುಗಳ ನಡುವೆ ಮಾಸಿದ ಬಟ್ಟೆಯಂತೆ ಎದ್ದು ಕಾಣುತ್ತಿತ್ತು. ಕಡೆಗೆ `Justification` ಪೆಟ್ಟಿಗೆಯಲ್ಲಿ ಕನಿಷ್ಠ, ಬೇಕಾದದ್ದು, ಗರಿಷ್ಠ ಎಂಬ ಕ್ರಮದಲ್ಲಿ ಹೀಗೆ ಇಟ್ಟೆ:

```
Word Spacing     80%   100%   140%
Letter Spacing    0%     0%     0%
Glyph Scaling   100%   100%   100%
```

ಇದಾದ ಮೇಲೂ ಕೆಲವು ಸಾಲುಗಳಲ್ಲಿ ಹಳ್ಳ ಉಳಿಯಿತು. ಅಲ್ಲಿ ಉದ್ದ ಪದವನ್ನು ಕೈಯಾರೆ ಒಡೆದೆ: ‘ಪುನರ್ವಸತಿ’ ಮೇಲೆ, ‘ಗೊಳಿಸಲಾಗಿದೆಯೆಂದು’ ಕೆಳಗೆ. ಹೀಗೆ ಒಡೆಯುವಾಗ ಕೀಲಿಮಣೆಯ ಸಾದಾ ಅಡ್ಡಗೆರೆ ಹಾಕಬಾರದು, ಪದ ಸಾಲಿನ ಕೊನೆಯಲ್ಲಿ ಒಡೆದಾಗ ಮಾತ್ರ ಕಾಣುವ `Discretionary Hyphen` ಹಾಕಬೇಕು. ನಾನು ಸಾದಾ ಗೆರೆ ಹಾಕಿದ್ದೆ. ಮಾಸ್ತರರು ಎರಡನೆಯ ಪ್ರೂಫಿನಲ್ಲಿ ಒಂದು ವಾಕ್ಯ ಸೇರಿಸಿದಾಗ ಸಾಲುಗಳು ಸರಿದು, ಪದಗಳ ಹೊಟ್ಟೆಯಲ್ಲಿ ಗೆರೆಗಳು ಉಳಿದುಕೊಂಡವು. ಅವನ್ನು ಹುಡುಕಿ ತೆಗೆಯುವುದರಲ್ಲಿ ಒಂದು ಭಾನುವಾರ ಹೋಯಿತು.

ಪುಸ್ತಕದ ಕೊನೆಯಲ್ಲಿ ಹಳೆಯ ಓಣಿಗಳ ಮನೆತನಗಳ ಪಟ್ಟಿ ಇತ್ತು. ಬರಿಯ ಹೆಸರುಗಳು ತಾನೇ, ಯಾರು ಸಾಲು ಹಿಡಿದು ಓದುತ್ತಾರೆ ಎಂದು 9 ಪಾಯಿಂಟಿಗೆ 12 ಇಟ್ಟು ಎರಡು ಅಂಕಣ ಮಾಡಿದೆ, ಪರೀಕ್ಷಿಸಲಿಲ್ಲ. ಅಚ್ಚಾಗಿ ಬಂದ ಮೇಲೆ ನೋಡಿದರೆ, ಆ ಓಣಿಗಳಲ್ಲಿ ಎಷ್ಟೊಂದು ಲಕ್ಷ್ಮವ್ವರು! ಪ್ರತಿಯೊಬ್ಬರ ಒತ್ತೂ ಕೆಳಗಿನ ಹೆಸರಿನ ತಲೆಯ ಮೇಲೆ ಕೂತಿತ್ತು.